ಈಜುವಾಗ ವಾಚ್ ತೋರಿಸುವ ಬಡಿತ ನಂಬಿ ವೇಗ ಏರಿಸಬೇಡಿ

ಓಟದ ಅಭ್ಯಾಸವಿದ್ದು ಈಗ ಈಜು ಶುರು ಮಾಡಿರುವವರು ಇದನ್ನು ಪೂರ್ತಿ ಓದಿ. ಬೆಳಗಿನ ಬ್ಯಾಚುಗಳಲ್ಲಿ ಇಂಥದ್ದು ಪದೇ ಪದೇ ಕಾಣುತ್ತದೆ. ಹಾಗಾಗಿ ಒಬ್ಬರಿಗೆ ಆದದ್ದನ್ನು ಅಂಕಿ ಸಮೇತ ಬರೆಯುತ್ತಿದ್ದೇವೆ.

ಅವರಿಗೆ 42 ವರ್ಷ, ಓಟದಲ್ಲಿ ಪಳಗಿದವರು. ಓಡುವಾಗ ಅಳೆದ ಗರಿಷ್ಠ ಬಡಿತ ನಿಮಿಷಕ್ಕೆ 180. ನಿಧಾನ ಓಟಕ್ಕೆ ಅದರ ಶೇ. 70ರಿಂದ 80, ಅಂದರೆ 126ರಿಂದ 144ರ ನಡುವೆ ಇರಬೇಕು ಎಂದು ಲೆಕ್ಕ ಹಾಕಿಕೊಂಡಿದ್ದರು. ಅದೇ ಲೆಕ್ಕವನ್ನು ಈಜುಕೊಳಕ್ಕೂ ತಂದರು. ಫ್ರೀಸ್ಟೈಲ್‌ನಲ್ಲಿ ಅರ್ಧ ಗಂಟೆ ಆರಾಮಾಗಿ ಈಜಿದರೂ ವಾಚ್ 108ರ ಆಸುಪಾಸಿನಲ್ಲೇ ನಿಂತಿತ್ತು. ‘ಸಾಕಾಗುತ್ತಿಲ್ಲ’ ಅಂದುಕೊಂಡು, ಅಂಕಿ 126 ಮುಟ್ಟುವವರೆಗೆ ದಿನವೂ ವೇಗ ಏರಿಸಿದರು. ಮೂರನೇ ವಾರಕ್ಕೆ ಭುಜ ಎತ್ತಲಾಗದಷ್ಟು ನೋವು. ಪ್ರತಿ ಲ್ಯಾಪ್‌ನ ಕೊನೆಗೆ ಏದುಸಿರು, ಮಧ್ಯಾಹ್ನವಿಡೀ ಸುಸ್ತು.

ಗೋಡೆ ಹಿಡಿದು ನಿಲ್ಲಿಸಿ ಕುತ್ತಿಗೆಯ ನಾಡಿಯನ್ನು ಕೈಯಲ್ಲಿ ಎಣಿಸಿದಾಗ ವಿಷಯ ಗೊತ್ತಾಯಿತು. ಆರಾಮದ ಈಜಿನಲ್ಲೇ 10 ಸೆಕೆಂಡಿಗೆ 22 ಬಡಿತ, ಅಂದರೆ ನಿಮಿಷಕ್ಕೆ 132. ವಾಚ್ 126 ತೋರಿಸುವ ವೇಗದಲ್ಲಿ 25 ಬಡಿತ, ಅಂದರೆ 150. ನೀರಿನಲ್ಲಿ ಅವರ ಗರಿಷ್ಠ 180 ಅಲ್ಲ, ಸುಮಾರು 168. ಆ ಲೆಕ್ಕಕ್ಕೆ 150 ಎಂದರೆ ಶೇ. 89. ಹಗುರದ ವ್ಯಾಯಾಮ ಎಂದುಕೊಂಡು ಅವರು ದಿನವೂ ಮಾಡುತ್ತಿದ್ದದ್ದು ಸ್ಪರ್ಧೆಗೆ ಹತ್ತಿರದ ಶ್ರಮ.

ಇಲ್ಲಿ ಬೇರೆ ಬೇರೆ ಎರಡು ಕಾರಣಗಳು ಸೇರಿಕೊಂಡಿವೆ. ಒಂದು ದೇಹದ್ದು, ಇನ್ನೊಂದು ಸೆನ್ಸರ್‌ನದು. ಎರಡೂ ಅಂಕಿಯನ್ನು ಕೆಳಗೇ ಎಳೆದದ್ದರಿಂದ ಮೋಸ ದೊಡ್ಡದಾಯಿತು.

ಮೊದಲು ದೇಹದ ವಿಷಯ. ಓಡುವಾಗ ಕಾಲಿನ ರಕ್ತ ಭೂಮಿಯ ಸೆಳೆತದ ವಿರುದ್ಧ ಮೇಲೆ ಏರಬೇಕು. ಈಜುವಾಗ ಮೈ ಅಡ್ಡ ಇರುತ್ತದೆ, ಜೊತೆಗೆ ನೀರಿನ ಒತ್ತಡ ಕೈಕಾಲಿನ ರಕ್ತನಾಳಗಳನ್ನು ಸುತ್ತಲಿಂದ ಒತ್ತುತ್ತದೆ. ಕುತ್ತಿಗೆವರೆಗೆ ನೀರಿನಲ್ಲಿ ಸುಮ್ಮನೆ ನಿಂತರೂ ಸುಮಾರು 700 ಮಿಲಿಲೀಟರ್ ರಕ್ತ ಎದೆಯ ಕಡೆಗೆ ಸರಿಯುತ್ತದೆ. ಹೃದಯ ಹೆಚ್ಚು ತುಂಬಿಕೊಳ್ಳುತ್ತದೆ, ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಹಾಕುತ್ತದೆ. ಹಾಗಾಗಿ ಅಷ್ಟೇ ರಕ್ತ ಕಳಿಸಲು ಕಡಿಮೆ ಬಡಿತ ಸಾಕು. ಬೆವರಿ ಮೈ ತಣಿಸುವ ಕೆಲಸವೂ ನೀರಿನಲ್ಲಿ ಬಹುಮಟ್ಟಿಗೆ ತಪ್ಪುತ್ತದೆ. ಮುಖ ತಣ್ಣೀರಿನಲ್ಲಿ ಮುಳುಗಿ ಉಸಿರು ಹಿಡಿದಾಗ ಬಡಿತವನ್ನು ತಗ್ಗಿಸುವ ಪ್ರತಿಕ್ರಿಯೆಯೊಂದು ದೇಹದಲ್ಲೇ ಇದೆ. ಫ್ರೀಸ್ಟೈಲ್‌ನಲ್ಲಿ ಕೈ ಮತ್ತು ಭುಜದ ಕೆಲಸವೇ ಹೆಚ್ಚು, ತೊಡೆಯ ದೊಡ್ಡ ಸ್ನಾಯುಗಳು ಓಟದಷ್ಟು ದುಡಿಯುವುದಿಲ್ಲ. ಇದೆಲ್ಲ ಸೇರಿ ಈಜಿನ ಗರಿಷ್ಠ ಬಡಿತ ಸಾಮಾನ್ಯವಾಗಿ ಓಟಕ್ಕಿಂತ 10ರಿಂದ 15 ಕಡಿಮೆ. ಇದು ನಿಜವಾದ ಇಳಿಕೆ, ದೋಷವಲ್ಲ. ಶ್ರಮ ಕಡಿಮೆ ಎಂಬ ಅರ್ಥವೂ ಅಲ್ಲ.

ಎರಡನೆಯದು ಸೆನ್ಸರ್. ವಾಚಿನ ಹಿಂಬದಿಯ ಹಸಿರು ದೀಪ ಚರ್ಮದೊಳಗೆ ಬೆಳಕು ಬಿಟ್ಟು, ಪ್ರತಿ ಬಡಿತಕ್ಕೂ ರಕ್ತ ಹೆಚ್ಚು ಕಡಿಮೆಯಾಗುವುದನ್ನು ವಾಪಸು ಬಂದ ಬೆಳಕಿನಲ್ಲಿ ಹುಡುಕುತ್ತದೆ. ಆ ಏರಿಳಿತ ತೀರಾ ಸಣ್ಣದು. ಕೈ ನೀರನ್ನು ಎಳೆದಾಗಲೆಲ್ಲ ವಾಚ್ ಕೂದಲೆಳೆಯಷ್ಟು ಮೇಲೇಳುತ್ತದೆ, ಅಡಿಗೆ ನೀರು ನುಗ್ಗುತ್ತದೆ, ಬೆಳಕು ಚದುರುತ್ತದೆ. ತಣ್ಣೀರಿಗೆ ಮಣಿಕಟ್ಟಿನ ಚರ್ಮದ ರಕ್ತನಾಳಗಳು ಕುಗ್ಗಿ, ಅಳೆಯಬೇಕಾದ ರಕ್ತವೇ ಕಡಿಮೆಯಾಗುತ್ತದೆ. ಆಗ ಸಾಫ್ಟ್‌ವೇರ್ ಕೈ ಬೀಸುವ ಲಯವನ್ನೇ ಬಡಿತವೆಂದು ಹಿಡಿದುಕೊಳ್ಳಬಹುದು, ಇಲ್ಲವೇ ಹಿಂದಿನ ಅಂಕಿಯನ್ನೇ ತೋರಿಸುತ್ತಾ ಕೂರಬಹುದು. ಪತ್ತೆ ಹಚ್ಚುವುದು ಕಷ್ಟವಲ್ಲ. ಆ್ಯಪ್‌ನಲ್ಲಿ ಗೆರೆ ನೋಡಿ. ನೀವು ವೇಗ ಏರಿಸಿದಾಗಲೂ ಗೆರೆ ಸಪಾಟಾಗಿದ್ದರೆ, ಗೋಡೆಯ ಬಳಿ ವಿಶ್ರಾಂತಿಗೆ ನಿಂತ ಕೂಡಲೇ ಬಡಿತ ಇಳಿಯುವ ಬದಲು ಜಿಗಿದರೆ, ಈಜುವಾಗಿನ ಅಂಕಿ ಸುಳ್ಳು. ಕೈ ನಿಂತ ಮೇಲಷ್ಟೇ ಸೆನ್ಸರ್‌ಗೆ ನಾಡಿ ಸಿಕ್ಕಿದೆ.

ಎದೆಪಟ್ಟಿ ಕೊಂಡರೆ ಸಮಸ್ಯೆ ಮುಗಿಯಿತು ಎಂದುಕೊಳ್ಳಬೇಡಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಮೂಲತಃ ಹೆಚ್ಚು ನಿಖರ, ನಿಜ. ಆದರೆ ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ತರಂಗ ನೀರಿನಲ್ಲಿ ಕೆಲವೇ ಸೆಂಟಿಮೀಟರಿಗೆ ಸತ್ತುಹೋಗುತ್ತದೆ, ಮುಳುಗಿರುವ ಎದೆಯಿಂದ ಕೈವರೆಗೆ ಬರುವುದಿಲ್ಲ. ಆದ್ದರಿಂದ ಬಡಿತಗಳನ್ನು ತನ್ನಲ್ಲೇ ಉಳಿಸಿಕೊಂಡು, ಮೇಲೆ ಬಂದ ನಂತರ ವಾಚಿಗೋ ಫೋನಿಗೋ ಕಳಿಸುವ ಪಟ್ಟಿ ಬೇಕು. ಕೊಳ್ಳುವ ಮುನ್ನ ಇದನ್ನೇ ಕೇಳಿ. ‘ವಾಟರ್‌ಪ್ರೂಫ್’ ಎಂಬ ಮಾತಿಗೆ ನೀರು ಒಳಗೆ ಹೋಗುವುದಿಲ್ಲ ಎಂದಷ್ಟೇ ಅರ್ಥ. ಗೋಡೆಗೆ ಒದ್ದು ಹೊರಟಾಗ ಪಟ್ಟಿ ಹೊಟ್ಟೆಗೆ ಜಾರುವುದು ಮತ್ತೊಂದು ತೊಂದರೆ, ಅದರಲ್ಲೂ ಗಂಡಸರ ಬರಿ ಎದೆಯ ಮೇಲೆ. ಕ್ಲೋರಿನ್ ಜಾಸ್ತಿ ಇರುವ ನೀರಲ್ಲೂ ಸಮುದ್ರದಲ್ಲೂ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಎರಡು ಎಲೆಕ್ಟ್ರೋಡ್‌ಗಳ ನಡುವೆ ಸಂಕೇತ ಸೋರಿಹೋಗುತ್ತದೆ.

ಸದ್ಯಕ್ಕೆ ಎಲ್ಲರ ಕೈಗೂ ಎಟುಕುವ ದಾರಿ ಎಣಿಕೆ. 100 ಅಥವಾ 200 ಮೀಟರ್ ಒಂದೇ ವೇಗದಲ್ಲಿ ಈಜಿ ಗೋಡೆ ಮುಟ್ಟಿ, ಕೂಡಲೇ ಎರಡು ಬೆರಳನ್ನು ಗಂಟಲಿನ ಒಂದೇ ಪಕ್ಕಕ್ಕೆ ಹಗುರವಾಗಿ ಇಡಿ. ಎರಡೂ ಪಕ್ಕ ಒಟ್ಟಿಗೆ ಒತ್ತಬೇಡಿ, ತಲೆ ಸುತ್ತುತ್ತದೆ. ಕೊಳದ ಗಡಿಯಾರ ನೋಡಿ, ಮೊದಲ ಬಡಿತವನ್ನು ‘ಸೊನ್ನೆ’ ಎಂದು ಶುರು ಮಾಡಿ 10 ಸೆಕೆಂಡ್ ಎಣಿಸಿ, ಆರರಿಂದ ಗುಣಿಸಿ. ಒಂದು ಬಡಿತ ತಪ್ಪಿದರೆ ಉತ್ತರ 6 ತಪ್ಪುತ್ತದೆ, ಹಾಗಾಗಿ ಮೂರು ಸಲ ಈಜಿ ನೋಡಿದ ಮೇಲೆ ಒಂದು ನಿರ್ಧಾರಕ್ಕೆ ಬನ್ನಿ. ಎಣಿಸುವುದು ತಡವಾದಷ್ಟೂ ಬಡಿತ ಇಳಿಯುತ್ತದೆ. ನಿಜವಾದ ಅಂಕಿ ನಿಮ್ಮ ಎಣಿಕೆಗಿಂತ ಸ್ವಲ್ಪ ಮೇಲೇ ಇರುತ್ತದೆ ಎಂದು ತಿಳಿಯಿರಿ.

ಆದರೂ ತರಬೇತಿಯ ವೇಗ ನಿರ್ಧರಿಸಲು ನಮ್ಮ ಆಯ್ಕೆ ಬಡಿತವಲ್ಲ, ಗಡಿಯಾರ. ವಾರ್ಮ್‌ಅಪ್ ಮುಗಿಸಿ 400 ಮೀಟರ್ ಪೂರ್ತಿ ಶಕ್ತಿಯಿಂದ ಈಜಿ, ಚೆನ್ನಾಗಿ ವಿಶ್ರಾಂತಿ ಪಡೆದು 200 ಮೀಟರ್ ಈಜಿ. ಮೊದಲನೆಯದಕ್ಕೆ 8 ನಿಮಿಷ 40 ಸೆಕೆಂಡ್, ಎರಡನೆಯದಕ್ಕೆ 4 ನಿಮಿಷ 5 ಸೆಕೆಂಡ್ ಆಯಿತು ಎನ್ನಿ. ವ್ಯತ್ಯಾಸ 275 ಸೆಕೆಂಡ್, ಅದರ ಅರ್ಧ ಸುಮಾರು 2 ನಿಮಿಷ 18 ಸೆಕೆಂಡ್. ಹೆಚ್ಚು ಹೊತ್ತು ತಡೆದುಕೊಳ್ಳಬಲ್ಲ ವೇಗದ ಮಿತಿ 100 ಮೀಟರಿಗೆ ಅಷ್ಟು. ಆರಾಮದ ಈಜು ಅದಕ್ಕಿಂತ 10 ಸೆಕೆಂಡಾದರೂ ನಿಧಾನವಾಗಿರಲಿ.

ಬಿಪಿಗೆ ಅಥವಾ ಹೃದಯಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಡಿತ ಮೊದಲೇ ತಗ್ಗಿರುತ್ತದೆ. ಅವರು ಯಾವ ಸೂತ್ರದ ಅಂಕಿಯನ್ನೂ ಬೆನ್ನಟ್ಟಬಾರದು, ಮಿತಿಯನ್ನು ವೈದ್ಯರೇ ಹೇಳಬೇಕು. ಎದೆ ಬಿಗಿತ, ತಲೆಸುತ್ತು, ಬಡಿತ ತಪ್ಪಿದಂತೆ ಅನಿಸಿದರೆ ವಾಚ್ ನೋಡುತ್ತಾ ನಿಲ್ಲಬೇಡಿ. ಗೋಡೆ ಅಥವಾ ಲೇನ್ ಹಗ್ಗ ಹಿಡಿದು ಲೈಫ್‌ಗಾರ್ಡನ್ನು ಕರೆಯಿರಿ.

ಕೊನೆಗೆ ಸೆಟ್ಟಿಂಗ್. ಈಜಿಗೆ ಬೇರೆ ಗರಿಷ್ಠ ಬಡಿತ ಹಾಕುವ ಅವಕಾಶ ನಿಮ್ಮ ಆ್ಯಪ್‌ನಲ್ಲಿದ್ದರೆ ಓಟದ್ದರಿಂದ 12 ಕಳೆದು ಹಾಕಿ, ಎಣಿಕೆಯಿಂದ ತಿದ್ದಿಕೊಳ್ಳಿ. ಗರಿಷ್ಠ ಬಡಿತವನ್ನು ತಾನೇ ಬದಲಿಸಿಕೊಳ್ಳುವ ಆಯ್ಕೆಯನ್ನು ಆಫ್ ಮಾಡಿ. ಕೊಳದಲ್ಲಿ ಒಂದೇ ಸಲ 205 ಎಂದು ತಪ್ಪಾಗಿ ದಾಖಲಾದರೆ, ಮರುದಿನದಿಂದ ನಿಮ್ಮ ಓಟದ ಮಿತಿಗಳೆಲ್ಲ ಅದರ ಮೇಲೇ ಲೆಕ್ಕವಾಗುತ್ತವೆ.