ಸ್ವಂತ ರೊಕ್ಕವೋ, ಹೊರಗಿನ ಬಂಡವಾಳವೋ: ಒಂದೇ ಕೆಲಸದಲ್ಲಿ ಎರಡನ್ನೂ ನೋಡಿದ ಮೇಲೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದು ಕಂಪ್ರೆಸರ್ ಸರ್ವಿಸ್. ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ವರ್ಷದ ಮೆಂಟೆನನ್ಸ್ ಕರಾರು ಮಾಡಿಕೊಂಡು ಫಿಲ್ಟರ್, ಆಯಿಲ್ ಬದಲಿಸುತ್ತೇವೆ, ಗಾಳಿ ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತೇವೆ. ಮೊದಲ ಎರಡು ವರ್ಷ ಪೂರ್ತಿ ಸ್ವಂತ ರೊಕ್ಕದಲ್ಲಿ ನಡೆಸಿದೆ. ಆಮೇಲೆ ಬೆಂಗಳೂರಿನ ಒಬ್ಬ ಹೂಡಿಕೆದಾರರಿಂದ 20 ಲಕ್ಷ ತೆಗೆದುಕೊಂಡು 20% ಪಾಲು ಕೊಟ್ಟೆ. ಕೆಲಸ ಅದೇ, ಊರು ಅದೇ, ಮಾಡುವವನೂ ನಾನೇ. ಹಾಗಾಗಿ ಹೋಲಿಸೋಕೆ ನನಗೆ ಸ್ವಲ್ಪ ಹಕ್ಕಿದೆ ಅನ್ನಿಸುತ್ತದೆ.

ಸ್ವಂತ ರೊಕ್ಕದ ದಿನಗಳಲ್ಲಿ ನನ್ನ ಚಿಂತೆ ಒಂದೇ, 7ನೇ ತಾರೀಖು. ಅವತ್ತು ಹುಡುಗರ ಪಗಾರ. 5ನೇ ತಾರೀಖಿಗೇ ಗಿರಾಕಿಗಳ ಆಫೀಸ್ ಸುತ್ತೋಕೆ ಶುರು ಮಾಡುತ್ತಿದ್ದೆ. ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುವವರ ಮೇಜಿನ ಪಕ್ಕ ಒಂದು ಉದ್ದ ತಂತಿ, ಅದರಲ್ಲಿ ಬಿಲ್ಲುಗಳನ್ನು ಚುಚ್ಚಿಟ್ಟಿರುತ್ತಿದ್ದರು. ನನ್ನ ಬಿಲ್ಲು ಮೇಲಿನಿಂದ ಎಷ್ಟನೆಯದು ಅಂತ ದೂರದಿಂದಲೇ ಎಣಿಸುತ್ತಿದ್ದೆ. "ಈ ತಿಂಗಳ ಆಗೂದಿಲ್ಲ ತಮ್ಮಾ, ಮುಂದಿನ ತಿಂಗಳ ನೋಡೂಣು" ಅಂದರೆ ಮುಗಿಯಿತು, ಮನೆಯ ಬಂಗಾರ ಅಡ ಇಡುವುದೇ ದಾರಿ. ಎರಡು ಸಲ ಇಟ್ಟಿದ್ದೇನೆ.

ಆಗ ನನಗೆ ಅನ್ನಿಸುತ್ತಿದ್ದುದು, ದೊಡ್ಡ ಬಂಡವಾಳ ಬಂದರೆ ಈ ಕಷ್ಟ ತೀರುತ್ತದೆ ಅಂತ. ತೀರಲಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಲೆಕ್ಕ ನೋಡಬೇಕು.

ಆರು ಜನ ಟೆಕ್ನಿಷಿಯನ್, ಪೆಟ್ರೋಲ್, ಬಾಡಿಗೆ ಎಲ್ಲ ಸೇರಿ ತಿಂಗಳ ಖರ್ಚು 1.6 ಲಕ್ಷ. ಬಿಲ್ಲು 2 ಲಕ್ಷ, ಮೇಲೆ 18% ಜಿಎಸ್‌ಟಿ 36 ಸಾವಿರ. ಕಾಗದದಲ್ಲಿ ತಿಂಗಳಿಗೆ 40 ಸಾವಿರ ಲಾಭ. ಆದರೆ ಗಿರಾಕಿ ಕೊಡುವುದು 60 ದಿನಕ್ಕೆ. ಏಪ್ರಿಲ್ ಕೆಲಸದ ಬಿಲ್ಲು ತಿಂಗಳ ಕೊನೆಗೆ ಕೊಟ್ಟರೆ ರೊಕ್ಕ ಬರುವುದು ಜೂನ್ ಕೊನೆಗೆ. ಅಷ್ಟರಲ್ಲಿ ಮೂರು ತಿಂಗಳ ಖರ್ಚು, 4.8 ಲಕ್ಷ, ಕೈಯಿಂದ ಹೋಗಿರುತ್ತದೆ. ಜಿಎಸ್‌ಟಿ ಅಂತೂ ರೊಕ್ಕ ಬಂದಿರಲಿ ಬಿಡಲಿ, ಬಿಲ್ಲು ಮಾಡಿದ ಮೇಲೆ ಮುಂದಿನ ತಿಂಗಳು 20ಕ್ಕೆ ಕಟ್ಟಲೇಬೇಕು, ಎರಡು ತಿಂಗಳದು 72 ಸಾವಿರ. ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಇದರಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ನಮ್ಮಂಥವರಿಗೆ ಕಡಿಮೆ, ಖರ್ಚೆಲ್ಲ ಪಗಾರವೇ ಅಲ್ವಾ. ಒಟ್ಟು ಐದೂವರೆ ಲಕ್ಷ. ಇದನ್ನು ನಾನು ತಗ್ಗು ಅಂತ ಕರೆಯುತ್ತೇನೆ. ನಷ್ಟ ಅಲ್ಲ, ಆದರೆ ಅಷ್ಟು ರೊಕ್ಕ ಯಾವಾಗಲೂ ಉದ್ರಿಯಲ್ಲಿ ಹೂತಿರುತ್ತದೆ.

ಈಗ ಕೆಲಸ ಎರಡು ಪಟ್ಟು ಮಾಡಿ ನೋಡಿ. ತಗ್ಗೂ ಎರಡು ಪಟ್ಟು, 11 ಲಕ್ಷ. ಬೆಳೆದಷ್ಟೂ ಪಗಾರದ ದಿನ ಇನ್ನೂ ಬಿಗಿ.

2023ರ ಕೊನೆಗೆ 20 ಲಕ್ಷ ಬಂದಾಗ ನಾನು ಮಾಡಿದ್ದು ಇದನ್ನೇ. ಹುಬ್ಬಳ್ಳಿಯಲ್ಲಿ ಒಂದು ಕೋಣೆ ಹಿಡಿದೆ, ಆರು ಜನರನ್ನು ಸೇರಿಸಿಕೊಂಡೆ. ಹೊಸ ಹುಡುಗ ಒಬ್ಬನೇ ಹೋಗಿ ಸ್ಕ್ರೂ ಕಂಪ್ರೆಸರ್ ಬಿಚ್ಚುವಷ್ಟು ಕಲಿಯೋಕೆ ನಾಲ್ಕು ತಿಂಗಳು ಬೇಕು, ಅಲ್ಲಿಯವರೆಗೆ ಪಗಾರ ಹೋಗುತ್ತದೆ, ಬಿಲ್ಲು ಇಲ್ಲ. ಅದಕ್ಕೆ 4.3 ಲಕ್ಷ. ಡಿಪಾಸಿಟ್, ಬೈಕು, ಸಾಮಾನಿಗೆ ನಾಲ್ಕೂವರೆ ಲಕ್ಷ. ಕೆಲಸ ಬೆಳೆದ ಹಾಗೆ ತಗ್ಗಿಗೆ ಇನ್ನೂ ಐದೂವರೆ. ಉಳಿದಿದ್ದರಲ್ಲಿ ಹೆಚ್ಚಿನದು ಹುಬ್ಬಳ್ಳಿಯ ತಿಂಗಳ ಖರ್ಚಿಗೆ ಹೋಯಿತು. 14 ತಿಂಗಳಲ್ಲಿ ಖಾತೆ ಹೆಚ್ಚೂಕಡಿಮೆ ಮೊದಲಿನಂತೆಯೇ, ನಾನು ಮತ್ತೆ ಅದೇ ತಂತಿಯ ಮುಂದೆ.

ತಪ್ಪು ಹೂಡಿಕೆದಾರರದಲ್ಲ. ಒಳ್ಳೆಯ ಮನುಷ್ಯ, ಪ್ರತಿ ತಿಂಗಳು ಲೆಕ್ಕ ಕೇಳುತ್ತಾರೆ, ಅದರಿಂದ ನನ್ನ ಲೆಕ್ಕ ಸುಧಾರಿಸಿದ್ದು ನಿಜ. ತಪ್ಪಾಗಿದ್ದು ಉದ್ರಿಯ ತಗ್ಗು ತುಂಬೋಕೆ ಪಾಲು ಮಾರಿದ್ದು. ಉದ್ರಿ ರೊಕ್ಕ ಇವತ್ತಲ್ಲ ನಾಳೆ ತಿರುಗಿ ಬರುತ್ತದೆ, ಅಂಥದ್ದಕ್ಕೆ ಬ್ಯಾಂಕ್ ಇದೆ. ಮಾರಿದ ಪಾಲು ಹಾಗೆ ತಿರುಗಿ ಬರುವುದಿಲ್ಲ.

ಬ್ಯಾಂಕಿನವರಿಗೆ ಈ ತಗ್ಗು ಹೊಸದೇನಲ್ಲ. ಸಣ್ಣ ಉದ್ಯಮಕ್ಕೆ ಅವರು ವರ್ಷದ ವಹಿವಾಟಿನ 25% ದುಡಿಯುವ ಬಂಡವಾಳ ಬೇಕು ಅಂತ ಲೆಕ್ಕ ಹಿಡಿದು, 20% ತಾವು ಕೊಟ್ಟು, 5% ನಮ್ಮಿಂದ ಹಾಕಿಸುತ್ತಾರೆ. 24 ಲಕ್ಷದ ವಹಿವಾಟಿಗೆ 4.8 ಲಕ್ಷ ಆಯಿತು. ನನ್ನ ತಗ್ಗಿಗೆ ಎಷ್ಟು ಹತ್ತಿರ ಇದೆ ನೋಡಿ. ಇಷ್ಟು ಮೊತ್ತ ಮುದ್ರಾ ಸಾಲದ ಕಿಶೋರ್ ವರ್ಗದಲ್ಲೇ, ಅಂದರೆ 5 ಲಕ್ಷದೊಳಗೇ, ಕೂಡುತ್ತದೆ, ಆಸ್ತಿ ಅಡ ಬೇಡ. 11% ಬಡ್ಡಿ ಹಿಡಿದು ವರ್ಷಪೂರ್ತಿ ಪೂರಾ ಬಳಸಿದರೂ 53 ಸಾವಿರದ ಒಳಗೆ. ಸಿಸಿ, ಅಂದರೆ ಲಿಮಿಟ್‌ನೊಳಗೆ ಬೇಕಾದಾಗ ತೆಗೆದು ಮತ್ತೆ ತುಂಬುವ ಕ್ಯಾಶ್ ಕ್ರೆಡಿಟ್ ಖಾತೆಯಾದರೆ, ತೆಗೆದಷ್ಟಕ್ಕೇ ಬಡ್ಡಿ. ವರ್ಷದ ಲಾಭ 4.8 ಲಕ್ಷ ಅಂದರೆ ನಾನು ಕೊಟ್ಟ ಪಾಲಿನದು 96 ಸಾವಿರ, ಅದೂ ಪ್ರತಿ ವರ್ಷ, ಬೆಳೆದ ಹಾಗೆ ಜಾಸ್ತಿ.

ಪಾಲಿನ ಜೊತೆ ಬೇರೆ ಖರ್ಚೂ ಬರುತ್ತದೆ. ಷೇರು ಕೊಡಬೇಕು ಅಂದರೆ ಪ್ರೈವೇಟ್ ಲಿಮಿಟೆಡ್ ಆಗಬೇಕು, ವಹಿವಾಟು ಎಷ್ಟೇ ಸಣ್ಣದಿದ್ದರೂ ಪ್ರತಿ ವರ್ಷ ಆಡಿಟ್ ಆಗಬೇಕು. ನಮ್ಮ ಕರಾರಿನಲ್ಲಿ ಸಾಲ ತೆಗೆಯೋಕೂ ಹೂಡಿಕೆದಾರರ ಒಪ್ಪಿಗೆ ಬೇಕು ಅಂತ ಬರೆದಿತ್ತು, ನಾನು ಸಹಿ ಹಾಕುವಾಗ ಅದನ್ನು ಸರಿಯಾಗಿ ಓದಿರಲಿಲ್ಲ. ಕೊನೆಗೆ ಸಿಸಿ ಲಿಮಿಟ್‌ಗೆ ಹೋದಾಗ ಆ ಒಪ್ಪಿಗೆ ಪತ್ರಕ್ಕೇ ಮೂರು ವಾರ ಹೋಯಿತು. ಸಾಲಕ್ಕೂ ಅದರದ್ದೇ ಭಾರ ಇದೆ. ಕೆಲಸ ಕೈಕೊಟ್ಟರೂ ಬ್ಯಾಂಕಿಗೆ ತೀರಿಸಲೇಬೇಕು, ಹೂಡಿಕೆದಾರರಿಗೆ ಹಾಗಿಲ್ಲ. ಅದಕ್ಕೇ ಹುಬ್ಬಳ್ಳಿ ಹುಡುಗರ ತರಬೇತಿಗೆ ಪಾಲಿನ ರೊಕ್ಕ ಬಳಸಿದ್ದು ಸರಿ ಅಂತ ಈಗಲೂ ಹೇಳುತ್ತೇನೆ. ಅದು ಫಲ ಕೊಡುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಸಾಲಕ್ಕಿಂತ ಮೊದಲು ಮಾಡಬೇಕಿದ್ದ ಕೆಲಸ ತಗ್ಗನ್ನೇ ಸಣ್ಣದು ಮಾಡುವುದು. ಅರ್ಧ ಗಿರಾಕಿಗಳ ಕರಾರನ್ನು ಮೂರು ತಿಂಗಳ ಮುಂಗಡಕ್ಕೆ ಬದಲಿಸಿದೆ, 5% ಕಡಿಮೆ ಮಾಡಿ. ಮುಂಗಡ ಬಂದ ಕೂಡಲೇ ಅದರ ಜಿಎಸ್‌ಟಿಯೂ ಬಾಕಿ ಆಗುತ್ತದೆ, ಅಷ್ಟನ್ನು ಬೇರೆ ಇಡಬೇಕು. ಉಳಿದವರ ಬಿಲ್ಲಿನ ಮೇಲೆ ನಮ್ಮದು ಸಣ್ಣ ಉದ್ಯಮ ಅಂತ ತೋರಿಸುವ ಉದ್ಯಮ್ ನೋಂದಣಿ ಸಂಖ್ಯೆ ಹಾಕಿಸಿದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕರಾರಿನಲ್ಲಿ ಏನೇ ಬರೆದಿದ್ದರೂ ಅಂಥವರಿಗೆ ರೊಕ್ಕ ಕೊಡೋಕೆ ಗಿರಾಕಿ 45 ದಿನ ಮೀರುವಂತಿಲ್ಲ. ಆ ಗಡುವು ತಪ್ಪಿದ ಬಾಕಿ, ಮಾರ್ಚ್ 31ಕ್ಕೂ ಹಾಗೇ ಉಳಿದರೆ, ಆ ವರ್ಷದ ಆದಾಯ ತೆರಿಗೆಯಲ್ಲಿ ಅವರಿಗೆ ಖರ್ಚು ಅಂತ ಸಿಗುವುದಿಲ್ಲ. ಈ ನಿಯಮದ ಬಿಸಿ ಮಾರ್ಚ್‌ನಲ್ಲಿ ಚೆನ್ನಾಗಿ ತಟ್ಟುತ್ತದೆ. ಜುಲೈನಲ್ಲಿ ಅಷ್ಟಿಲ್ಲ, ಆಗ ಸುಮ್ನೆ ಹೋಗಿ ಕೂರಬೇಕು.

ಹಣದ ಯೋಜನೆಯನ್ನು ಮೊದಲು ಹನ್ನೆರಡು ಪುಟ ಬರೆದಿದ್ದೆ, ಮಾರುಕಟ್ಟೆ ಎಷ್ಟು ದೊಡ್ಡದು ಅಂತೆಲ್ಲ. ಈಗಿನದು ಒಂದೂವರೆ ಪುಟ. ಮೊದಲ ಸಾಲು: "ಇವತ್ತು ನಮ್ಮ ತಗ್ಗು ಇಷ್ಟು, ಗಿರಾಕಿ ಸರಾಸರಿ ಇಷ್ಟು ದಿನಕ್ಕೆ ಕೊಡುತ್ತಾರೆ." ಆಮೇಲೆ ಬೇಕಾದ ಪ್ರತಿ ಮೊತ್ತದ ಎದುರು ಎರಡು ಮಾತು, ಅದು ತಿರುಗಿ ಯಾವಾಗ ಬರುತ್ತದೆ, ಬರದಿದ್ದರೆ ಏನಾಗುತ್ತದೆ. 60–90 ದಿನಕ್ಕೆ ಬರುವಂಥದ್ದು ಮುಂಗಡದಿಂದ ಅಥವಾ ಸಿಸಿಯಿಂದ. ಬೈಕು, ಸೋರಿಕೆ ಹುಡುಕುವ ಯಂತ್ರದಂಥವು ಮೂರು ವರ್ಷದ ಕಂತಿನ ಸಾಲದಿಂದ, ಯಂತ್ರವೇ ಕಂತು ದುಡಿಯುವ ಹಾಗಿದ್ದರೆ ಮಾತ್ರ. ಬರುತ್ತದೋ ಇಲ್ಲವೋ ಹೇಳಲಾಗದ ಹೊಸ ಊರು, ಹೊಸ ತರಬೇತಿ ಮಾತ್ರ ಪಾಲಿನ ರೊಕ್ಕದಿಂದ. ಕೊನೆಗೆ ನಿಲ್ಲಿಸುವ ಗೆರೆ: ಹೊಸ ಊರಿನಲ್ಲಿ 9 ತಿಂಗಳಾದರೂ ಅಲ್ಲಿನ ಪಗಾರ ಅಲ್ಲಿನ ವಸೂಲಿಯಿಂದ ಹುಟ್ಟದಿದ್ದರೆ ಮುಚ್ಚುವುದು. ಬಿಲ್ಲಿನ ಮೊತ್ತ ಅಲ್ಲ, ಕೈಗೆ ಬಂದ ವಸೂಲಿ. ಹುಬ್ಬಳ್ಳಿಗೆ ಈ ಗೆರೆ ಇರಲಿಲ್ಲ, ಬಿಲ್ಲು ನೋಡಿ ಚೆನ್ನಾಗಿದೆ ಅಂದುಕೊಂಡು ಐದು ತಿಂಗಳು ಜಾಸ್ತಿ ಎಳೆದೆ.

ಈಗ ಸರಾಸರಿ 41 ದಿನಕ್ಕೆ ರೊಕ್ಕ ಬರುತ್ತಿದೆ. ಕೊಲ್ಹಾಪುರದಿಂದ ಎರಡು ಫೌಂಡ್ರಿಯವರು ಕರೆದಿದ್ದಾರೆ. ಮೂರು ತಿಂಗಳ ಮುಂಗಡಕ್ಕೆ ಒಪ್ಪಿದರೆ ಇಲ್ಲಿಂದಲೇ ಇಬ್ಬರು ಹುಡುಗರನ್ನು ವಾರಕ್ಕೊಮ್ಮೆ ಕಳಿಸುತ್ತೇನೆ, ಅಲ್ಲಿ ಕೋಣೆ ಹಿಡಿಯುವುದಿಲ್ಲ ಅಂತ ಹೇಳಿದ್ದೇನೆ. ಒಬ್ಬರು ಒಪ್ಪಿದ್ದಾರೆ.