ಪಹಣಿ ಸರಿಯಿತ್ತು, ಇಸಿ ಸರಿಯಿತ್ತು, ಆದರೂ ಜಮೀನು ಕೋರ್ಟಿಗೆ ಹೋಯಿತು

ದಾವಣಗೆರೆ ತಾಲೂಕಿನಲ್ಲಿ, ಭದ್ರಾ ನಾಲೆಯ ಕೊನೆ ಭಾಗದ ಒಂದು ಊರಲ್ಲಿ 1 ಎಕರೆ 35 ಗುಂಟೆ ಗದ್ದೆ ತಗೊಂಡೆ. ನೋಂದಣಿಯಾಗಿ ನಾಲ್ಕು ತಿಂಗಳಿಗೆ ಸಿವಿಲ್ ಕೋರ್ಟಿನಿಂದ ಸಮನ್ಸ್ ಬಂತು. ಮಾರಿದವರ ಅಕ್ಕ ಪಾಲು ಕೇಳಿ ದಾವೆ ಹೂಡಿದ್ದರು. ಆಮೇಲೆ ನನ್ನನ್ನೂ ಅದಕ್ಕೆ ಪ್ರತಿವಾದಿಯಾಗಿ ಸೇರಿಸಿದ್ದರು. ಜಮೀನು ಕೊಳ್ಳಲು ಓಡಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಏನೂ ನೋಡದೆ ತಗೊಂಡವನಲ್ಲ. ಭೂಮಿ ವೆಬ್‌ಸೈಟಲ್ಲಿ ಪಹಣಿ ತೆಗೆದೆ. 9ನೇ ಕಾಲಂನಲ್ಲಿ ಮಾರುವವರ ಹೆಸರು ಒಂದೇ ಇತ್ತು. 11ನೇ ಕಾಲಂನಲ್ಲಿ ಸಾಲ ಇರಲಿಲ್ಲ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇಸಿಗೆ, ಅಂದರೆ ಋಣಭಾರ ಪ್ರಮಾಣಪತ್ರಕ್ಕೆ, ಅರ್ಜಿ ಹಾಕಿದೆ. ಮೊದಲೆಲ್ಲ ಇದಕ್ಕೆ ಉಪನೋಂದಣಿ ಕಚೇರಿ ಮುಂದೆ ದಿನಗಟ್ಟಲೆ ಕಾಯಬೇಕಿತ್ತು, ಈಗ ಮನೆಯಲ್ಲೇ ಕೂತು ಆಗುತ್ತದೆ. ಆ ಸುಲಭವೇ ನನಗೆ ಜಾಸ್ತಿ ಧೈರ್ಯ ಕೊಟ್ಟಿತು. ಇಸಿಯಲ್ಲಿ ಬಂದಿದ್ದು ಒಂದೇ ವ್ಯವಹಾರ: 2014ರಲ್ಲಿ ಅಣ್ಣತಮ್ಮ ಇಬ್ಬರು ಮಾಡಿಕೊಂಡ ವಿಭಾಗ ಪತ್ರ. ಒಟ್ಟು 3 ಎಕರೆ 30 ಗುಂಟೆ, ಅರ್ಧ ಅರ್ಧ. ಸರ್ವೆ ನಂಬರ್ ಪೋಡಿಯಾಗಿ ಎರಡು ಹಿಸ್ಸಾ ಆಗಿತ್ತು. ಎಲ್ಲ ಸರಿ ಇದೆ ಅಂದುಕೊಂಡೆ.

ನಾನು ಕೇಳದೆ ಬಿಟ್ಟಿದ್ದು ಒಂದೇ ಪ್ರಶ್ನೆ. ಆ ಇಬ್ಬರ ಹೆಸರಿಗೆ ಜಮೀನು ಬಂದಿದ್ದು ಹೇಗೆ?

ಅವರ ತಂದೆ 2009ರಲ್ಲಿ ತೀರಿಕೊಂಡಿದ್ದರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಆಮೇಲೆ ಪೌತಿ ಖಾತೆ ಮಾಡಿಸಿದ್ದಾರೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಂಡಿದ್ದಾರೆ. ಅರ್ಜಿಯ ಜೊತೆ ಕೊಟ್ಟ ವಂಶವೃಕ್ಷದಲ್ಲಿ ಇಬ್ಬರು ಗಂಡು ಮಕ್ಕಳ ಹೆಸರು ಮಾತ್ರ ಇದೆ. ಹಾವೇರಿ ಕಡೆ ಮದುವೆಯಾಗಿ ಹೋದ ಅಕ್ಕನ ಹೆಸರೇ ಇಲ್ಲ. ನೋಟಿಸ್ ಅವಧಿಯಲ್ಲಿ ಯಾರೂ ತಕರಾರು ಹಾಕಲಿಲ್ಲ, ಏಕೆಂದರೆ ಆ ಅಕ್ಕನಿಗೆ ಗೊತ್ತೇ ಇರಲಿಲ್ಲ. ಖಾತೆಯಾಯಿತು. ಕಂಪ್ಯೂಟರಿಗೆ ಆ ಎರಡು ಹೆಸರೇ ಸತ್ಯವಾಯಿತು.

ಆದರೆ ಖಾತೆಯಿಂದ ಹಕ್ಕು ಹುಟ್ಟುವುದಿಲ್ಲ. ಪಹಣಿಯಲ್ಲಿರುವುದು ಸರಿ ಎಂದು ಕಾನೂನು ನಂಬುವುದು, ತಪ್ಪು ಎಂದು ಯಾರಾದರೂ ಸಾಬೀತು ಮಾಡುವವರೆಗೆ ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಕ್ಕ ಸಹಿ ಹಾಕದ 2014ರ ವಿಭಾಗ ಪತ್ರ ಅವರನ್ನು ಕಟ್ಟಿಹಾಕುವುದಿಲ್ಲ. ಉಪನೋಂದಣಾಧಿಕಾರಿ ಅದನ್ನು ನೋಂದಾಯಿಸಿದ್ದರಲ್ಲ ಎಂದು ನಾನೂ ಕೇಳಿದೆ. ವಕೀಲರು ಹೇಳಿದರು, "ಪತ್ರ ಬರೆದುಕೊಟ್ಟವರು ಇವರೇನಾ ಅಂತ ಅವರು ನೋಡ್ತಾರೆ. ಬರೆದುಕೊಡೋಕೆ ಇವರಿಗೆ ಹಕ್ಕಿದೆಯಾ ಅಂತ ತೀರ್ಮಾನ ಮಾಡೋದು ಅವರ ಕೆಲಸ ಅಲ್ಲ."

ಇನ್ನೊಂದು ಪೆಟ್ಟು ಇತ್ತು. ಅಕ್ಕ ದಾವೆ ಹೂಡಿದ್ದು ನನ್ನ ನೋಂದಣಿಗೆ ಎರಡು ತಿಂಗಳು ಮೊದಲು. ಇಸಿಯಲ್ಲಿ ಅದು ಕಾಣಲಿಲ್ಲ. ಇಸಿಯಲ್ಲಿ ಬರುವುದು ನೋಂದಣಿ ಕಚೇರಿಗೆ ತಲುಪಿದ ವ್ಯವಹಾರ ಮಾತ್ರ. ಬರೀ ದಾವೆ ಹೂಡಿದ್ದು ಅಲ್ಲಿಗೆ ಬರುವುದಿಲ್ಲ. ಆದರೆ ದಾವೆ ನಡೆಯುವಾಗ ಕೊಂಡವನಿಗೂ ಆ ತೀರ್ಪು ಅನ್ವಯಿಸುತ್ತದೆ, ಅವನಿಗೆ ಗೊತ್ತಿರಲಿ ಬಿಡಲಿ. services.ecourts.gov.in ನಲ್ಲಿ ಜಿಲ್ಲೆ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಿದ್ದರೆ ಸಿಗುತ್ತಿತ್ತು. ಹೆಸರಿನ ಇಂಗ್ಲಿಷ್ ಕಾಗುಣಿತ ಎರಡು ಮೂರು ರೀತಿ ಹಾಕಿ ನೋಡಬೇಕು. ಒಬ್ಬರು ಕೊನೆಗೆ 'appa' ಅಂತ ಬರೆದರೆ ಇನ್ನೊಬ್ಬರು 'apa' ಅಂತ ಬರೆದಿರುತ್ತಾರೆ.

ಪಹಣಿಯ 10ನೇ ಕಾಲಂನಲ್ಲಿ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ನಂಬರ್ ಇರುತ್ತದೆ. ಅದನ್ನು ಹಿಡಿದು ಮ್ಯುಟೇಷನ್ ಪ್ರತಿ ತೆಗೆಯಿರಿ. 'ಪೌತಿ' ಎಂದು ಕಂಡರೆ ಅಲ್ಲೇ ನಿಲ್ಲಿ. ತೀರಿಕೊಂಡವರಿಗೆ ಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಷ್ಟು ಅಂತ ಕಾಗದದಲ್ಲಿ ಅಲ್ಲ, ಊರಲ್ಲಿ ಕೇಳಿ. ಆನ್‌ಲೈನ್ ಇಸಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಡಿ. ಪೋಡಿಯಾಗಿದ್ದರೆ ಹೊಸ ಹಿಸ್ಸಾ ನಂಬರ್ ಜೊತೆ ಹಳೆ ಸರ್ವೆ ನಂಬರಲ್ಲೂ ಹುಡುಕಿಸಿ. ನಮ್ಮ ಕಡೆಯ ಹಳೆ ಪತ್ರಗಳಲ್ಲಿ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ, ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅದು ನೋಡಿ ಗಾಬರಿಯಾಗಬೇಡಿ. ಹೆಣ್ಣುಮಕ್ಕಳು "ನಮಗೆ ಬೇಡ" ಎಂದು ಬಾಯಲ್ಲಿ ಹೇಳಿದರೆ ಸಾಲದು. ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು, ಇಲ್ಲವೇ ಅವರೂ ಕ್ರಯಪತ್ರಕ್ಕೆ ಬರೆದುಕೊಡುವವರಾಗಿ ಸಹಿ ಹಾಕಬೇಕು.

ನನ್ನ ಲೆಕ್ಕ ಈಗ ಹೀಗಿದೆ. ಒಟ್ಟು 150 ಗುಂಟೆ. ಮೂರು ಪಾಲಾದರೆ ಮಾರಿದವರಿಗೆ 50 ಗುಂಟೆ. ನಾನು ದುಡ್ಡು ಕೊಟ್ಟಿದ್ದು 75ಕ್ಕೆ. ಮಾರಿದವರ ಪಾಲನ್ನು ನಾನು ಕೊಂಡ ಜಾಗದಲ್ಲೇ ಕೊಡಿ ಎಂದು ಕೋರ್ಟಿಗೆ ಕೇಳಿಕೊಂಡಿದ್ದೇವೆ. ಒಪ್ಪಿದರೂ 25 ಗುಂಟೆ ಹೋಗುತ್ತದೆ. ಆ ಹಣವನ್ನು ಮಾರಿದವರಿಂದ ವಸೂಲಿ ಮಾಡುವುದು ಬೇರೆಯೇ ಜಗಳ.

ಕೋರ್ಟಿನ ಹೊರಗೆ ಒಮ್ಮೆ ಅಕ್ಕನನ್ನು ಮಾತಾಡಿಸಿದೆ. "ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲಣ್ಣ," ಅಂದರು. "ತಗೊಳ್ಳೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ." ಆ ಊರಿಗೆ ನಾನು ಮೂರು ಸಲ ಹೋಗಿದ್ದೆ. ಗದ್ದೆ ನೋಡಿದೆ, ನಾಲೆ ನೋಡಿದೆ. ಮನೆಯಲ್ಲಿ ಎಷ್ಟು ಜನ ಮಕ್ಕಳು ಅಂತ ಪಕ್ಕದ ಗದ್ದೆಯವರನ್ನು ಕೇಳಲಿಲ್ಲ.