ಗೋಡೆ ತೇವ: ಥರ್ಮಲ್ ಕ್ಯಾಮೆರಾನಾ, ಪ್ರೆಷರ್ ಪಂಪಾ?

ಗೋಡೆಯೊಳಗಿನ ಪೈಪ್ ಎಲ್ಲಿ ಸೋರುತ್ತಿದೆ ಅಂತ ತಿಳಿಯಲು ಎರಡನ್ನೂ ಮಾಡಿಸಿ ನೋಡಿದೆ. ಥರ್ಮಲ್ ಕ್ಯಾಮೆರಾದವರಿಗೆ 3,500 ರೂಪಾಯಿ ಕೊಟ್ಟೆ. ಪ್ಲಂಬರ್ ತಂದ ಕೈಪಂಪಿನ ಪ್ರೆಷರ್ ಟೆಸ್ಟ್‌ಗೆ 1,200. ನನ್ನ ವೋಟು ಪಂಪಿಗೇ.

ತೇವ ಇದ್ದದ್ದು ಬೆಡ್‌ರೂಮಿನ ಗೋಡೆಯಲ್ಲಿ. ಅದರ ಆಚೆ ಬಾತ್‌ರೂಮ್. ಮೊಣಕಾಲೆತ್ತರದವರೆಗೆ ಪೇಂಟ್ ಉಬ್ಬಿ, ಬೆರಳು ತಾಗಿದರೆ ಸಾಕು, ಬಿಳಿ ಪುಡಿ ಉದುರುತ್ತಿತ್ತು. ಕ್ಯಾಮೆರಾದಲ್ಲಿ ಅಷ್ಟೂ ಜಾಗ ನೀಲಿ. ತೇವ ಆರುವಾಗ ಗೋಡೆ ತಣ್ಣಗಾಗುತ್ತದೆ, ಅದು ತೋರಿಸುವುದು ಅದನ್ನೇ. ತೇವ ಎಲ್ಲಿದೆ ಅಂತ ನನಗೂ ಕಾಣ್ತಿತ್ತಲ್ವಾ? ನೀರು ಒಂದು ಕಡೆ ಸೋರಿ, ಗಾರೆಯೊಳಗೆ ಇಳಿದು, ಇನ್ನೊಂದು ಕಡೆ ಹೊರಗೆ ಬರುತ್ತದೆ.

ಪಂಪಿನ ಕೆಲಸ ಸರಳ. ನಲ್ಲಿಗಳನ್ನೂ ಮಿಕ್ಸರನ್ನೂ ಬಿಚ್ಚಿ, ಆ ಬಾಯಿಗಳನ್ನು ಮುಚ್ಚಲು ಟೆಫ್ಲಾನ್ ಟೇಪ್ ಸುತ್ತಿದ ಡಮ್ಮಿ ಹಾಕಬೇಕು. ಮಿಕ್ಸರ್ ಹಾಗೇ ಬಿಟ್ಟರೆ ಅದರ ಮೂಲಕ ತಣ್ಣೀರು, ಬಿಸಿನೀರಿನ ಲೈನ್‌ಗಳು ಒಂದಾಗಿಬಿಡಬಹುದು. ಗೀಸರಿನ ಪೈಪುಗಳನ್ನೂ ಬಿಚ್ಚಿ ಡಮ್ಮಿ ಹಾಕಿದರೆ ಎರಡೂ ಲೈನ್ ಬೇರೆ ಬೇರೆ. ಆಮೇಲೆ ಲೈನಿನ ಗಾಳಿ ಬಿಟ್ಟು, 5 ಕೆಜಿ ಪ್ರೆಷರ್‌ವರೆಗೆ ಪಂಪ್ ಹೊಡೆದು ಗೇಜಿನ ಮುಳ್ಳನ್ನು ನೋಡುತ್ತಾ ಕೂರುವುದು. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವುದು 1 ಕೆಜಿ ಮಾತ್ರ, ಹಾಗಾಗಿ ಸಣ್ಣ ಸೋರಿಕೆಯೂ ಬೇಗ ಸಿಗುತ್ತದೆ. ಹಳೇ ಪೈಪಿಗೆ 5 ಕೆಜಿಗಿಂತ ಜಾಸ್ತಿ ಹೊಡೆಯಲು ನಾನಂತೂ ಬಿಡುವುದಿಲ್ಲ.

ತಲೆನೋವು ಕೊಟ್ಟದ್ದು ಟ್ಯಾಂಕಿನಿಂದ ಬರುವ ನೀರು ನಿಲ್ಲಿಸುವ ಗೇಟ್ ವಾಲ್ವ್. ತಣ್ಣೀರಿನ ಲೈನಿಗೆ ಪ್ರೆಷರ್ ಕೊಟ್ಟ ಕೂಡಲೇ ಮುಳ್ಳು ಇಳಿಯತೊಡಗಿತು. "ಸಿಕ್ತು ಸಾರ್, ಒಡೆಯೋಣ" ಅಂತ ಪ್ಲಂಬರ್ ಉಳಿ ತೆಗೆದೇಬಿಟ್ಟ. ಆದರೆ ಹಳೇ ಗೇಟ್ ವಾಲ್ವ್ ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚುವುದಿಲ್ಲ. ಒಳಗೆ ಸುಣ್ಣ ಕಟ್ಟಿರುತ್ತದೆ. ನಾವು ಕೊಟ್ಟ ಪ್ರೆಷರ್ ಅದರ ಮೂಲಕ ವಾಪಸ್ ಟ್ಯಾಂಕಿಗೇ ಹೋಗುತ್ತಿರಬಹುದು.

ಟೆರೇಸಿಗೆ ಹೋಗಿ, ವಾಲ್ವಿನ ಕೆಳಗಿನ ಯೂನಿಯನ್ ಜಾಯಿಂಟ್ ಬಿಚ್ಚಿಸಿ, ಪೈಪಿನ ಬಾಯಿಗೇ ಡಮ್ಮಿ ಹಾಕಿಸಿದೆ. ಈಗ ಮುಳ್ಳು ಅರ್ಧ ಗಂಟೆ ಅಲ್ಲಾಡಲಿಲ್ಲ. ಒಡೆದಿದ್ದರೆ ಸುಮ್ನೆ ಒಳ್ಳೇ ಟೈಲ್ಸ್ ಹೋಗ್ತಿತ್ತು. ಪಂಪ್ ತಾನೇ ಸೋರುತ್ತದೋ ಅನ್ನುವುದಕ್ಕೂ ಅದೇ ಉಪಾಯ: ಪಂಪಿನ ಬಾಯಿಗೆ ಡಮ್ಮಿ ಹಾಕಿ ಒಮ್ಮೆ ನೋಡಿ.

ಬಿಸಿನೀರಿನ ಲೈನ್ ಮಾತ್ರ ಇಪ್ಪತ್ತು ನಿಮಿಷದಲ್ಲಿ 5ರಿಂದ 3ಕ್ಕೆ ಇಳಿಯಿತು. ಯಾವ ಲೈನ್ ಅನ್ನುವುದನ್ನಷ್ಟೇ ಮುಳ್ಳು ಹೇಳುತ್ತದೆ, ಯಾವ ಜಾಗ ಅನ್ನುವುದನ್ನಲ್ಲ. ಜಾಯಿಂಟ್ ಇರುವಲ್ಲೇ ಅನುಮಾನ ಜಾಸ್ತಿ, ಹಾಗಾಗಿ ಮಿಕ್ಸರ್ ಹಿಂದಿನ ಒಂದೇ ಟೈಲ್ ತೆಗೆಸಿದೆ. ಎಲ್ಬೋ ಜಾಯಿಂಟಿನಿಂದ ಹನಿ ಜಿನುಗುತ್ತಿತ್ತು.

ವಾಟರ್‌ಪ್ರೂಫ್ ಪೇಂಟ್ ಅನ್ನುವವರಿಗೆ: ಒಳಗಿನ ಸೋರಿಕೆ ನಿಲ್ಲಿಸದೆ ಹೊಡೆದರೆ ಅದೂ ಉಬ್ಬುತ್ತದೆ.

ಎರಡೂ ಲೈನಿನಲ್ಲಿ ಮುಳ್ಳು ಅಲ್ಲಾಡದಿದ್ದರೆ ಡ್ರೈನ್ ಕಡೆ ನೋಡಿ. ಅಲ್ಲಿ ಪಂಪ್ ಬೇಡ. ನೆಲದ ಟ್ರ್ಯಾಪಿನ ಹೊರದಾರಿ ಮುಚ್ಚಿ, ನೀರು ತುಂಬಿಸಿ, ಮಟ್ಟಕ್ಕೆ ಪೆನ್ಸಿಲ್ ಗೀಟು ಎಳೆದು ರಾತ್ರಿ ಬಿಟ್ಟರೆ ಬೆಳಿಗ್ಗೆ ಗೊತ್ತಾಗುತ್ತದೆ.